ಎಲ್‌ಎಫ್‌ಟಿ ರಿಪೋರ್ಟ್ ಓದುವುದು ಹೇಗೆ: ಎಂಜೈಮ್ ಏರಿದರೆ ಒಂದು ಅರ್ಥ, ಬಿಲಿರುಬಿನ್ ಏರಿದರೆ ಇನ್ನೊಂದು

ಲಿವರ್ ಫಂಕ್ಷನ್ ಟೆಸ್ಟ್ ರಿಪೋರ್ಟ್ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳ ಕಡೆ. ಎಸ್‌ಜಿಪಿಟಿ 90 ಎಂದಿದ್ದರೆ ಗಾಬರಿ, 45 ಎಂದಿದ್ದರೆ ಸಮಾಧಾನ. ಹೀಗೆ ಒಂದೊಂದೇ ಅಂಕಿ ಹಿಡಿದು ಓದಿದರೆ ದಾರಿ ತಪ್ಪುವುದೇ ಹೆಚ್ಚು. ಈ ರಿಪೋರ್ಟಿನಲ್ಲಿ ಅರ್ಥ ಇರುವುದು ಯಾವುದು ಏರಿದೆ, ಯಾವುದು ಏರಿಲ್ಲ, ನಾಲ್ಕು ದಿನದ ಹಿಂದೆ ಹೇಗಿತ್ತು ಎಂಬ ಮೂರನ್ನೂ ಒಟ್ಟಿಗೆ ನೋಡಿದಾಗ.

ಮೊದಲ ಹೆಜ್ಜೆ: ಅಂಕಿಗಳನ್ನು ಗುಂಪು ಮಾಡಿ

ಎಸ್‌ಜಿಪಿಟಿ ಮತ್ತು ಎಸ್‌ಜಿಒಟಿ ಲಿವರ್ ಜೀವಕೋಶದ ಒಳಗೆ ಇರುವ ಎಂಜೈಮ್‌ಗಳು. ಕೆಲವು ಲ್ಯಾಬ್‌ಗಳು ಇವನ್ನೇ ಎಎಲ್‌ಟಿ, ಎಎಸ್‌ಟಿ ಎಂದು ಬರೆಯುತ್ತವೆ. ಜೀವಕೋಶಕ್ಕೆ ಪೆಟ್ಟು ಬಿದ್ದರೆ ಇವು ರಕ್ತಕ್ಕೆ ಸೋರುತ್ತವೆ. ಎಸ್‌ಜಿಪಿಟಿ ಹೆಚ್ಚಾಗಿ ಲಿವರ್‌ನದೇ. ಎಸ್‌ಜಿಒಟಿ ಮಾತ್ರ ಸ್ನಾಯು, ಹೃದಯ, ಕೆಂಪು ರಕ್ತಕಣಗಳಲ್ಲೂ ಇದೆ.

ಎಎಲ್‌ಪಿ ಮತ್ತು ಜಿಜಿಟಿ ಪಿತ್ತ ಹರಿಯುವ ದಾರಿಯ ಎಂಜೈಮ್‌ಗಳು. ಪಿತ್ತ ಮುಂದೆ ಹೋಗಲಾಗದೆ ನಿಂತರೆ ಅಲ್ಲಿನ ಜೀವಕೋಶಗಳು ಎಎಲ್‌ಪಿಯನ್ನು ಹೊಸದಾಗಿ ಹೆಚ್ಚು ಹೆಚ್ಚು ತಯಾರಿಸುತ್ತವೆ. ಎಸ್‌ಜಿಪಿಟಿ ಸೋರುವುದು ಗಂಟೆಗಳ ಕೆಲಸ, ಎಎಲ್‌ಪಿ ತಯಾರಾಗಲು ಒಂದೆರಡು ದಿನ ಬೇಕು. ಮುಂದೆ ಬರುವ ಉದಾಹರಣೆ ಪೂರ್ತಿ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಬಿಲಿರುಬಿನ್ ಎಂಜೈಮ್ ಅಲ್ಲ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ಬಣ್ಣದ ತ್ಯಾಜ್ಯ ಅದು. ಲಿವರ್‌ಗೆ ಸೇರುವ ಮೊದಲು ಅದು ನೀರಿನಲ್ಲಿ ಕರಗದು, ರಿಪೋರ್ಟಿನಲ್ಲಿ ‘ಇನ್‌ಡೈರೆಕ್ಟ್’ ಎಂದಿರುವುದು ಇದೇ. ಲಿವರ್ ಅದನ್ನು ಕರಗುವ ರೂಪಕ್ಕೆ ತಂದು ಪಿತ್ತಕ್ಕೆ ಬಿಡುತ್ತದೆ, ಅದು ‘ಡೈರೆಕ್ಟ್’. ಹಾಗಾಗಿ ಬಿಲಿರುಬಿನ್ ಏರಿಕೆಗೆ ಮೂರು ಜಾಗದಲ್ಲಿ ಕಾರಣ ಹುಡುಕಬೇಕು: ರಕ್ತಕಣ ಹೆಚ್ಚು ಒಡೆಯುತ್ತಿದೆಯೇ, ಲಿವರ್ ಅದನ್ನು ಸಂಭಾಳಿಸುತ್ತಿಲ್ಲವೇ, ಅಥವಾ ಹೊರಹೋಗುವ ದಾರಿ ಕಟ್ಟಿದೆಯೇ.

ಇಷ್ಟರಲ್ಲಿ ಯಾವುದೂ ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂದು ನೇರವಾಗಿ ಹೇಳುವುದಿಲ್ಲ. ಅದನ್ನು ಹೇಳುವುದು ಲಿವರ್ ತಯಾರಿಸುವ ವಸ್ತುಗಳು: ಆಲ್ಬುಮಿನ್ ಮತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳು. ಹೆಪ್ಪುಗಟ್ಟುವಿಕೆಯನ್ನು ಅಳೆಯುವುದು ಪಿಟಿ-ಐಎನ್‌ಆರ್. ಅದು ಸಾಮಾನ್ಯವಾಗಿ ಎಲ್‌ಎಫ್‌ಟಿ ಪಟ್ಟಿಯಲ್ಲಿ ಇರುವುದಿಲ್ಲ, ಬೇರೆ ಟ್ಯೂಬಿನಲ್ಲಿ ರಕ್ತ ತೆಗೆದು ಪ್ರತ್ಯೇಕವಾಗಿ ಮಾಡಿಸಬೇಕು. ಕಾಮಾಲೆ ಇದ್ದೂ ಐಎನ್‌ಆರ್ ಮಾಡಿಸದಿದ್ದರೆ ರಿಪೋರ್ಟ್ ಅರ್ಧ ಮಾತ್ರ.

ಎರಡನೇ ಹೆಜ್ಜೆ: ಅಂಕಿ ನಂಬುವಂತಿದೆಯೇ ನೋಡಿ

ರಕ್ತ ತೆಗೆಯುವಾಗ ಟ್ಯೂಬಿನಲ್ಲೇ ಕಣಗಳು ಒಡೆದರೆ ಎಸ್‌ಜಿಒಟಿ ಸುಳ್ಳಾಗಿ ಏರುತ್ತದೆ. ರಿಪೋರ್ಟಿನ ಕೆಳಗೆ ‘ಹಿಮೊಲೈಸ್ಡ್ ಸ್ಯಾಂಪಲ್’ ಎಂಬ ಷರಾ ಇದೆಯೇ ನೋಡಿ. ಇದ್ದರೆ ಮತ್ತೆ ರಕ್ತ ಕೊಡುವುದೇ ಸರಿ. ಜಿಮ್‌ನಲ್ಲಿ ಭಾರ ಎತ್ತಿದ, ದೂರ ಓಡಿದ ಮರುದಿನ ರಕ್ತ ಕೊಟ್ಟರೆ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಏರಿರಬಹುದು, ಕಾರಣ ಲಿವರ್ ಅಲ್ಲ, ಸ್ನಾಯು. ಅನುಮಾನ ಇದ್ದರೆ ಸ್ನಾಯುವಿನ ಎಂಜೈಮ್ ಆದ ಸಿಪಿಕೆ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಒಂದು ವಾರ ವ್ಯಾಯಾಮ ನಿಲ್ಲಿಸಿ ಮತ್ತೆ ಪರೀಕ್ಷಿಸುವುದು ಇನ್ನೊಂದು ದಾರಿ.

ಎಎಲ್‌ಪಿ ಮೂಳೆಯಿಂದಲೂ, ಗರ್ಭಿಣಿಯರಲ್ಲಿ ಮಾಸುವಿನಿಂದಲೂ ಬರುತ್ತದೆ. ಎಎಲ್‌ಪಿ ಒಂದೇ ಏರಿದ್ದರೆ ಜಿಜಿಟಿ ನೋಡಿ. ಜಿಜಿಟಿಯೂ ಏರಿದ್ದರೆ ಲಿವರ್‌ನ ಕಡೆಗೆ ನಡೆಯಿರಿ. ಅದು ಸರಿಯಿದ್ದರೆ ಮೂಳೆಯ ಕಡೆಗೆ, ಅಂದರೆ ವಿಟಮಿನ್ ಡಿ ಕೊರತೆ, ಹೊಸ ಮೂಳೆ ಮುರಿತ ಇಂಥವುಗಳ ಕಡೆಗೆ.

ಮೂರನೇ ಹೆಜ್ಜೆ: ಎಷ್ಟು ಪಟ್ಟು ಎಂದು ಲೆಕ್ಕ ಹಾಕಿ

ಎಸ್‌ಜಿಪಿಟಿ 260, ಎಎಲ್‌ಪಿ 420 ಎಂದಿದ್ದರೆ ಎರಡನೆಯದೇ ಹೆಚ್ಚು ಕೆಟ್ಟಿದೆ ಎಂದು ನೇರ ಹೋಲಿಸುವಂತಿಲ್ಲ, ಎರಡರ ಮಿತಿಯೂ ಬೇರೆ. ಪ್ರತಿಯೊಂದನ್ನೂ ಅದೇ ಲ್ಯಾಬಿನ ಗರಿಷ್ಠ ಮಿತಿಯಿಂದ ಭಾಗಿಸಿ, ಬಂದ ಎರಡು ‘ಪಟ್ಟು’ಗಳನ್ನು ಹೋಲಿಸಬೇಕು.

```
R = (ಎಸ್‌ಜಿಪಿಟಿ ÷ ಅದರ ಗರಿಷ್ಠ ಮಿತಿ) ÷ (ಎಎಲ್‌ಪಿ ÷ ಅದರ ಗರಿಷ್ಠ ಮಿತಿ)
```

ಉತ್ತರ 5ಕ್ಕಿಂತ ಹೆಚ್ಚಾದರೆ ಪೆಟ್ಟು ಬಿದ್ದಿರುವುದು ಮುಖ್ಯವಾಗಿ ಜೀವಕೋಶಕ್ಕೆ. 2ಕ್ಕಿಂತ ಕಡಿಮೆಯಾದರೆ ತೊಂದರೆ ಪಿತ್ತದ ಹರಿವಿನಲ್ಲಿ. ನಡುವೆ ಬಂದರೆ ಮಿಶ್ರ. ಇದು ಔಷಧದಿಂದಾದ ಲಿವರ್ ತೊಂದರೆಯನ್ನು ವಿಂಗಡಿಸಲು ಬಳಸುವ ಲೆಕ್ಕ, ಉಳಿದ ಕಡೆಗೂ ದಿಕ್ಕು ತೋರಿಸಲು ಸಾಕು. ಬಿಲಿರುಬಿನ್ ಈ ಲೆಕ್ಕದಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಜೀವಕೋಶ ಕೆಟ್ಟರೂ ಬಿಲಿರುಬಿನ್ ಏರುತ್ತದೆ, ದಾರಿ ಕಟ್ಟಿದರೂ ಏರುತ್ತದೆ. ಇವೆರಡರಲ್ಲಿ ಯಾವುದು ಎಂದು ಅದೊಂದೇ ಹೇಳಲಾರದು, ಎರಡರಲ್ಲೂ ಡೈರೆಕ್ಟ್ ಭಾಗವೇ ಹೆಚ್ಚು.

ಎಂಜೈಮ್ ಏರಿದೆ, ಬಿಲಿರುಬಿನ್ ಸರಿಯಿದೆ

ದೊಡ್ಡವರಲ್ಲಿ ಅತಿ ಹೆಚ್ಚು ಕಾಣುವ ಚಿತ್ರ ಇದು. ಎಸ್‌ಜಿಪಿಟಿ ಮಿತಿಯ ಎರಡು-ಮೂರು ಪಟ್ಟು, ಮೈಯಲ್ಲಿ ಏನೂ ತೊಂದರೆ ಇಲ್ಲ, ಆರೋಗ್ಯ ತಪಾಸಣೆಯಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದು. ಮೊದಲ ಅನುಮಾನ ಫ್ಯಾಟಿ ಲಿವರ್: ಸೊಂಟದ ಸುತ್ತ ಬೊಜ್ಜು, ಸಕ್ಕರೆ ಕಾಯಿಲೆ, ಏರಿದ ಟ್ರೈಗ್ಲಿಸರೈಡ್ ಜೊತೆಗಿರುತ್ತದೆ, ಎಸ್‌ಜಿಪಿಟಿ ಸಾಮಾನ್ಯವಾಗಿ ಎಸ್‌ಜಿಒಟಿಗಿಂತ ಮುಂದಿರುತ್ತದೆ. ಆದರೂ ಸ್ಕ್ಯಾನಿಂಗಿನಲ್ಲಿ ಕೊಬ್ಬು ಕಂಡಿತು ಎಂದು ಅಲ್ಲಿಗೇ ನಿಲ್ಲಿಸಬಾರದು. ಫ್ಯಾಟಿ ಲಿವರ್ ಇರುವವರಿಗೆ ಹೆಪಟೈಟಿಸ್ ಬಿ ಇರಬಾರದು ಎಂದೇನಿಲ್ಲ. ಹೆಪಟೈಟಿಸ್ ಬಿ ಪತ್ತೆ ಮಾಡುವ ಎಚ್‌ಬಿಎಸ್‌ಎಜಿ ಮತ್ತು ಹೆಪಟೈಟಿಸ್ ಸಿ ಪ್ರತಿಕಾಯ ಪರೀಕ್ಷೆ ಎರಡನ್ನೂ ಒಮ್ಮೆಯಾದರೂ ಮಾಡಿಸಲೇಬೇಕು.

ಮದ್ಯದಿಂದಾದ ಹಾನಿಯಲ್ಲಿ ಅನುಪಾತ ತಿರುಗುತ್ತದೆ. ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿಗೂ ಮೇಲೆ ಹೋಗುತ್ತದೆ, ಜಿಜಿಟಿ ಏರಿರುತ್ತದೆ. ಎಸ್‌ಜಿಪಿಟಿ ತಯಾರಾಗಲು ಬೇಕಾದ ವಿಟಮಿನ್ ಬಿ6 ಕುಡಿಯುವವರಲ್ಲಿ ಕಡಿಮೆ ಇರುವುದು ಇದಕ್ಕೊಂದು ಕಾರಣ. ಇಲ್ಲೊಂದು ಗುರುತು ನೆನಪಿಡುವಂಥದ್ದು: ಮದ್ಯದ ಹೆಪಟೈಟಿಸ್ ಎಷ್ಟೇ ತೀವ್ರವಾಗಿದ್ದರೂ ಎಸ್‌ಜಿಒಟಿ 400 ದಾಟುವುದು ಅಪರೂಪ. ಕುಡಿಯುವವರ ರಿಪೋರ್ಟಿನಲ್ಲಿ 2,000 ಕಂಡರೆ ಮದ್ಯದ ತಲೆಗೆ ಕಟ್ಟಿ ಸುಮ್ಮನಾಗಬಾರದು. ಜ್ವರಕ್ಕೋ ಮೈಕೈ ನೋವಿಗೋ ನುಂಗಿದ ಪ್ಯಾರಾಸಿಟಮಾಲ್ ಹೆಚ್ಚಾಗಿದೆಯೇ ಎಂದು ಅವತ್ತೇ ವಿಚಾರಿಸಬೇಕು. ಪ್ಯಾರಾಸಿಟಮಾಲ್ ನುಂಗಿದ ಎಂಟು ಗಂಟೆಯೊಳಗೆ ಅದರ ಪ್ರತಿವಿಷವಾದ ಎನ್-ಅಸಿಟೈಲ್‌ಸಿಸ್ಟೀನ್ ಶುರುವಾದರೆ ಅತಿ ಹೆಚ್ಚು ಕೆಲಸ ಮಾಡುತ್ತದೆ, ತಡವಾದರೂ ಕೊಡುತ್ತಾರೆ.

ಮೂರನೇ ಅನುಮಾನ ಔಷಧಗಳು. ಕ್ಷಯದ ಮಾತ್ರೆ, ಮೂರ್ಛೆರೋಗದ ಮಾತ್ರೆ, ಕೆಲವು ಆ್ಯಂಟಿಬಯೋಟಿಕ್‌ಗಳು, ಜೊತೆಗೆ ಗಿಡಮೂಲಿಕೆ ಪುಡಿಗಳು ಮತ್ತು ಬಾಡಿಬಿಲ್ಡಿಂಗ್ ಪೂರಕಗಳು. ಕೊನೆಯ ಎರಡನ್ನು ಜನ ಔಷಧ ಎಂದೇ ಲೆಕ್ಕಿಸದ ಕಾರಣ ಕೇಳದೆ ಹೇಳುವುದಿಲ್ಲ. ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್‌ನಿಂದ ಎಸ್‌ಜಿಪಿಟಿ ಅಲ್ಪ ಏರುವುದುಂಟು, ಮೂರು ಪಟ್ಟಿನೊಳಗಿದ್ದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವ ಅಗತ್ಯ ಬೀಳುವುದಿಲ್ಲ. ಇವೆಲ್ಲ ಮುಗಿದ ಮೇಲೂ ಕಾರಣ ಸಿಗದಿದ್ದರೆ ಥೈರಾಯ್ಡ್, ಕಬ್ಬಿಣದ ಅಂಶ, ಆಟೊಇಮ್ಯೂನ್ ಹೆಪಟೈಟಿಸ್, ಚಿಕ್ಕ ವಯಸ್ಸಿನವರಾದರೆ ಲಿವರ್‌ನಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯ ಪರೀಕ್ಷೆಗಳು ಬರುತ್ತವೆ.

ಎಂಜೈಮ್ ಎತ್ತರ ನೋಡಿ ಲಿವರ್ ಕಲೆಗಟ್ಟಿ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯಲಾಗದು. ಹಾಗೆ ಪೂರ್ತಿ ಗಟ್ಟಿಯಾಗಿ ಸಿರೋಸಿಸ್ ಆದವರಲ್ಲೂ ಎಸ್‌ಜಿಪಿಟಿ 35 ಇರಬಹುದು. ಅದಕ್ಕೆ ಬೇರೆ ಲೆಕ್ಕವಿದೆ, ಹೆಸರು ಫಿಬ್-4. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ ಎರಡರ ಗುಣಲಬ್ಧದಿಂದ ಭಾಗಿಸಬೇಕು. 50 ವರ್ಷ, ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ ಎರಡು ಲಕ್ಷ ಎಂದುಕೊಳ್ಳಿ. 2,400ನ್ನು 200 × 8, ಅಂದರೆ 1,600ರಿಂದ ಭಾಗಿಸಿದರೆ 1.5. ಉತ್ತರ 1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ, 2.67 ದಾಟಿದರೆ ಹೆಚ್ಚು. ನಡುವೆ ಇರುವ 1.5ರಂಥವರಿಗೆ ಲಿವರ್‌ನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದರೆ ತೀರ್ಮಾನ ಸಿಗುತ್ತದೆ. 65 ದಾಟಿದವರಿಗೆ ಕೆಳಮಿತಿ 2 ಎಂದು ಹಿಡಿಯುತ್ತಾರೆ, ಇಲ್ಲದಿದ್ದರೆ ವಯಸ್ಸೊಂದೇ ಉತ್ತರವನ್ನು ಮೇಲಕ್ಕೆ ಎಳೆಯುತ್ತದೆ.

ಬಿಲಿರುಬಿನ್ ಏರಿದೆ, ಎಂಜೈಮ್‌ಗಳೆಲ್ಲ ಸರಿಯಿವೆ

ಇಲ್ಲಿ ನೋಡಬೇಕಾದದ್ದು ಡೈರೆಕ್ಟ್ ಎಷ್ಟು ಎಂಬುದೊಂದೇ. ಒಟ್ಟು 2.4, ಡೈರೆಕ್ಟ್ 0.3 ಎಂದಿದ್ದರೆ ಏರಿರುವುದು ಇನ್‌ಡೈರೆಕ್ಟ್. ಆಗ ಸಾಧ್ಯತೆ ಮುಖ್ಯವಾಗಿ ಎರಡು. ಒಂದು, ರಕ್ತಕಣಗಳು ಬೇಗ ಒಡೆಯುತ್ತಿವೆ. ಹಿಮೋಗ್ಲೋಬಿನ್ ಇಳಿದಿರುತ್ತದೆ, ಹೊಸ ಕೆಂಪು ರಕ್ತಕಣಗಳಾದ ರೆಟಿಕ್ಯುಲೊಸೈಟ್ ಮತ್ತು ಒಡೆದ ಕಣಗಳಿಂದ ಸೋರುವ ಎಲ್‌ಡಿಎಚ್ ಏರಿರುತ್ತವೆ. ಇನ್ನೊಂದು ಗಿಲ್ಬರ್ಟ್ ಸಿಂಡ್ರೋಮ್. ಬಿಲಿರುಬಿನ್ ಕರಗಿಸುವ ಕಿಣ್ವ ಹುಟ್ಟಿನಿಂದಲೇ ಸ್ವಲ್ಪ ನಿಧಾನ, ಅಷ್ಟೇ. ಉಪವಾಸ, ಜ್ವರ, ನಿದ್ದೆಗೇಡು, ಹೆಚ್ಚಿನ ದಣಿವಿನಲ್ಲಿ ಏರುತ್ತದೆ, ಆಮೇಲೆ ಇಳಿಯುತ್ತದೆ, ಸಾಮಾನ್ಯವಾಗಿ 3ರ ಒಳಗೇ ಇರುತ್ತದೆ. ಇದಕ್ಕೆ ಚಿಕಿತ್ಸೆಯೂ ಬೇಡ, ಪಥ್ಯವೂ ಬೇಡ. ಹೀಗಿದ್ದೂ ಪ್ರತಿ ತಪಾಸಣೆಯಲ್ಲೂ ‘ಕಾಮಾಲೆ’ ಎಂದು ಹೇಳಿಸಿಕೊಂಡು ಔಷಧ ನುಂಗುವವರು ಕಡಿಮೆಯಿಲ್ಲ. ಹಿಮೋಗ್ಲೋಬಿನ್ ಸರಿಯಿದೆ, ಎಂಜೈಮ್ ಸರಿಯಿದೆ, ಕೆಲವು ತಿಂಗಳ ಬಳಿಕ ನೋಡಿದರೂ ಇದೇ ಚಿತ್ರ ಎಂದಾದರೆ ಅಲ್ಲಿಗೆ ಬಿಡಬಹುದು.

ಮೂತ್ರದ ಬಣ್ಣ ಇಲ್ಲಿ ಒಳ್ಳೆಯ ಸಾಕ್ಷಿ. ಇನ್‌ಡೈರೆಕ್ಟ್ ಬಿಲಿರುಬಿನ್ ಮೂತ್ರಕ್ಕೆ ಇಳಿಯುವುದಿಲ್ಲ. ಕಣ್ಣು ಹಳದಿಯಾಗಿ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದ್ದರೆ ಡೈರೆಕ್ಟ್ ಏರಿದೆ ಎಂದು ಅರ್ಥ. ಅದು ಗಿಲ್ಬರ್ಟ್ ಅಲ್ಲ.

ಎರಡೂ ಏರಿವೆ: ಒಂದು ರಿಪೋರ್ಟ್ ಬಿಡಿಸಿ ನೋಡೋಣ

52 ವರ್ಷದ ಒಬ್ಬ ಮಹಿಳೆ ಎಂದುಕೊಳ್ಳೋಣ. ರಾತ್ರಿ ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು, ಎರಡು ಸಲ ವಾಂತಿ, ಬೆಳಗಾಗುವಷ್ಟರಲ್ಲಿ ನೋವು ತಗ್ಗಿದೆ. ಬೆಳಗಿನ ರಿಪೋರ್ಟ್: ಒಟ್ಟು ಬಿಲಿರುಬಿನ್ 2.1, ಡೈರೆಕ್ಟ್ 1.4, ಎಸ್‌ಜಿಒಟಿ 610, ಎಸ್‌ಜಿಪಿಟಿ 520, ಎಎಲ್‌ಪಿ 130. ಲ್ಯಾಬಿನ ಮಿತಿ ಎಸ್‌ಜಿಪಿಟಿಗೆ 40, ಎಎಲ್‌ಪಿಗೆ 120.

ಲೆಕ್ಕ ಹಾಕಿದರೆ ಎಸ್‌ಜಿಪಿಟಿ 13 ಪಟ್ಟು, ಎಎಲ್‌ಪಿ 1.1 ಪಟ್ಟು, ಉತ್ತರ ಸುಮಾರು 12. ಸೂತ್ರದ ಪ್ರಕಾರ ಇದು ಜೀವಕೋಶದ ತೊಂದರೆ, ಅಂದರೆ ಹೆಪಟೈಟಿಸ್. ಬಹಳ ಜನ ಇಲ್ಲೇ ಎಡವುವುದು. ಪಿತ್ತಕೋಶದ ಕಲ್ಲು ಪಿತ್ತನಾಳಕ್ಕೆ ಜಾರಿ ಸಿಕ್ಕಿಕೊಂಡಾಗಲೂ ಒತ್ತಡ ಹಿಂದಕ್ಕೆ ಹೊಡೆದು ಲಿವರ್ ಜೀವಕೋಶಗಳು ತಕ್ಷಣ ಸೋರುತ್ತವೆ. ಎಎಲ್‌ಪಿ ಇನ್ನೂ ತಯಾರಾಗಬೇಕು. ಮೊದಲ ದಿನದ ರಿಪೋರ್ಟ್ ಹೆಪಟೈಟಿಸ್‌ನಂತೆಯೇ ಕಾಣುತ್ತದೆ.

ಅನುಮಾನ ಹುಟ್ಟಿಸಬೇಕಾದದ್ದು ಕಾಯಿಲೆ ಬಂದ ರೀತಿ. ವೈರಲ್ ಹೆಪಟೈಟಿಸ್ ಹೀಗೆ ಒಂದೇ ರಾತ್ರಿಯಲ್ಲಿ ನೋವಿನಿಂದ ಶುರುವಾಗುವುದಿಲ್ಲ. ಹಲವು ದಿನ ಸುಸ್ತು, ಊಟ ಸೇರದಿರುವುದು, ವಾಕರಿಕೆ, ಸಣ್ಣ ಜ್ವರ, ಆಮೇಲೆ ಕಾಮಾಲೆ. ಎಸ್‌ಜಿಪಿಟಿ ಆಗ ಸಾವಿರದ ಮೇಲಿರುವುದೇ ಹೆಚ್ಚು, ಇಳಿಯಲು ವಾರಗಳು ಬೇಕು.

ಎರಡು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟಾಗ: ಬಿಲಿರುಬಿನ್ 5.6, ಡೈರೆಕ್ಟ್ 4.3, ಎಸ್‌ಜಿಒಟಿ 95, ಎಸ್‌ಜಿಪಿಟಿ 260, ಎಎಲ್‌ಪಿ 420, ಐಎನ್‌ಆರ್ 1.1, ಆಲ್ಬುಮಿನ್ 4.2. ಈಗ ಎಸ್‌ಜಿಪಿಟಿ 6.5 ಪಟ್ಟು, ಎಎಲ್‌ಪಿ 3.5 ಪಟ್ಟು, ಉತ್ತರ 1.9. ಅದೇ ರೋಗಿ, ಅದೇ ಕಲ್ಲು, ಚಿತ್ರ ಮಾತ್ರ ಪೂರಾ ತಿರುಗಿದೆ. ಎಂಜೈಮ್ ಇಳಿದ ವೇಗವೂ ಮಾತಾಡುತ್ತದೆ. ರಕ್ತಕ್ಕೆ ಸೋರಿದ ಎಸ್‌ಜಿಒಟಿ ಸುಮಾರು 17 ಗಂಟೆಗೆ, ಎಸ್‌ಜಿಪಿಟಿ ಸುಮಾರು 47 ಗಂಟೆಗೆ ಅರ್ಧವಾಗುತ್ತದೆ. 610 ಇದ್ದದ್ದು ಎರಡು ದಿನದಲ್ಲಿ 95ಕ್ಕೆ, 520 ಇದ್ದದ್ದು 260ಕ್ಕೆ ಬಂದಿದೆ ಎಂದರೆ ಪೆಟ್ಟು ಬಿದ್ದದ್ದು ಒಮ್ಮೆ, ಆಮೇಲೆ ಹೊಸ ಸೋರಿಕೆ ಹೆಚ್ಚೇನೂ ಆಗಿಲ್ಲ. ದಾರಿ ಮಾತ್ರ ಇನ್ನೂ ಕಟ್ಟಿದೆ, ಆದ್ದರಿಂದ ಬಿಲಿರುಬಿನ್ ಮತ್ತು ಎಎಲ್‌ಪಿ ಏರುತ್ತಲೇ ಇವೆ.

ಮುಂದಿನ ಪರೀಕ್ಷೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಮುಖ್ಯ ಪಿತ್ತನಾಳ ಸಾಮಾನ್ಯವಾಗಿ 6 ಮಿಲಿಮೀಟರ್ ಒಳಗಿರುತ್ತದೆ. ವಯಸ್ಸಾದವರಲ್ಲಿ, ಪಿತ್ತಕೋಶ ತೆಗೆಸಿಕೊಂಡವರಲ್ಲಿ ಸ್ವಲ್ಪ ಅಗಲ ಇದ್ದರೂ ಅಡ್ಡಿಯಿಲ್ಲ. ಸ್ಕ್ಯಾನಿಂಗ್ ಪಿತ್ತಕೋಶದ ಕಲ್ಲನ್ನು ಚೆನ್ನಾಗಿ ಹಿಡಿಯುತ್ತದೆ, ನಾಳದ ಕೆಳತುದಿಯ ಕಲ್ಲನ್ನು ಕರುಳಿನ ಗಾಳಿ ಮರೆಮಾಡುವುದರಿಂದ ಅನೇಕ ಸಲ ತಪ್ಪಿಸಿಕೊಳ್ಳುತ್ತದೆ. ಮೊದಲ ದಿನವೇ ಮಾಡಿಸಿದರೆ ನಾಳ ಇನ್ನೂ ಹಿಗ್ಗಿರದೆಯೂ ಇರಬಹುದು. ಹೀಗಾಗಿ ‘ಸ್ಕ್ಯಾನಿಂಗ್ ನಾರ್ಮಲ್’ ಎಂದ ಮಾತ್ರಕ್ಕೆ ಕಲ್ಲಿಲ್ಲ ಎಂದಾಗದು, ಪಿತ್ತನಾಳದ ಎಂಆರ್‌ಐ ಸ್ಕ್ಯಾನ್ ಆದ ಎಂಆರ್‌ಸಿಪಿ ಬೇಕಾಗುತ್ತದೆ. ಕಲ್ಲು ಕಂಡರೆ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಮಾಡುವ ಇಆರ್‌ಸಿಪಿ ಮೂಲಕ ತೆಗೆಯುತ್ತಾರೆ. ನೋವೇ ಇಲ್ಲದೆ ಬಿಲಿರುಬಿನ್ ದಿನದಿಂದ ದಿನಕ್ಕೆ ಏರುತ್ತ, ತೂಕ ಇಳಿಯುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಕಲ್ಲಲ್ಲ, ಮೇದೋಜೀರಕ ಗ್ರಂಥಿಯ ಅಥವಾ ಪಿತ್ತನಾಳದ ಗೆಡ್ಡೆ. ನಾಳ ಹಿಗ್ಗಿಲ್ಲದೆ ಇದೇ ಚಿತ್ರ ಬಂದರೆ ಔಷಧಗಳ ಪಟ್ಟಿಯನ್ನು ಇನ್ನೊಮ್ಮೆ ತೆಗೆಯಿರಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೋರ್ಸ್ ಮುಗಿದ ಕೆಲವು ವಾರಗಳ ನಂತರವೂ ಹೀಗೆ ಮಾಡಬಲ್ಲದು.

ಐಎನ್‌ಆರ್ ಏರಿದ್ದರೆ

ಮೇಲಿನ ಮಹಿಳೆಯ ಐಎನ್‌ಆರ್ 1.6 ಬಂದಿದ್ದರೆ? ಲಿವರ್ ಕೈಕೊಟ್ಟಿದೆ ಎಂದು ತಕ್ಷಣ ತೀರ್ಮಾನಿಸುವಂತಿಲ್ಲ. ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ದೇಹಕ್ಕೆ ಸೇರುವುದಿಲ್ಲ, ಅದಿಲ್ಲದೆ ಆರೋಗ್ಯವಂತ ಲಿವರ್ ಕೂಡ ಹೆಪ್ಪುಗಟ್ಟಿಸುವ ಅಂಶಗಳನ್ನು ಪೂರ್ತಿ ತಯಾರಿಸಲಾರದು. ವೈದ್ಯರು 10 ಮಿಲಿಗ್ರಾಂ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಮರುದಿನ ಮತ್ತೆ ಐಎನ್‌ಆರ್ ನೋಡುತ್ತಾರೆ. ಸರಿಹೋದರೆ ಕೊರತೆ ವಿಟಮಿನ್‌ದು. ಜಗ್ಗದಿದ್ದರೆ ತೊಂದರೆ ಲಿವರ್‌ನದೇ.

ಆಲ್ಬುಮಿನ್ ಹೀಗೆ ಬೇಗ ಮಾತಾಡುವುದಿಲ್ಲ. ಅದರ ಅರ್ಧಾಯುಷ್ಯ ಸುಮಾರು ಮೂರು ವಾರ, ಹಾಗಾಗಿ ಒಂದು ವಾರದ ಕಾಮಾಲೆಯಲ್ಲಿ ಆಲ್ಬುಮಿನ್ 2.5 ಕಂಡರೆ ಕಾಯಿಲೆ ಅಷ್ಟು ಹೊಸತಲ್ಲ ಎಂದು ಅನುಮಾನಿಸಬೇಕು. ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ಇಲ್ಲವೆಂದೂ ಖಚಿತ ಮಾಡಿಕೊಳ್ಳಬೇಕು.

ಎಂಜೈಮ್ ಇಳಿಯುವುದು ಯಾವಾಗ ಕೆಟ್ಟ ಸುದ್ದಿ

ಎಸ್‌ಜಿಪಿಟಿ 3,000ದಿಂದ 800ಕ್ಕೆ ಇಳಿದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅದೇ ಹೊತ್ತಿಗೆ ಬಿಲಿರುಬಿನ್ 8ರಿಂದ 17ಕ್ಕೆ, ಐಎನ್‌ಆರ್ 1.4ರಿಂದ 2.5ಕ್ಕೆ ಏರಿದ್ದರೆ ಅದು ಚೇತರಿಕೆಯಲ್ಲ. ಸೋರಲು ಜೀವಕೋಶಗಳೇ ಉಳಿದಿಲ್ಲ ಎಂದು ಅರ್ಥ. ನಿಜವಾದ ಚೇತರಿಕೆಯಲ್ಲಿ ಐಎನ್‌ಆರ್ ಕೂಡ ಇಳಿಯುತ್ತದೆ. ಐಎನ್‌ಆರ್ 1.5 ಮುಟ್ಟಿ, ಜೊತೆಗೆ ಮಾತು ತಡವರಿಸುವುದು, ಹಗಲಿಡೀ ನಿದ್ದೆ ರಾತ್ರಿಯಿಡೀ ಎಚ್ಚರ, ಗೊಂದಲ ಕಂಡರೆ ಲಿವರ್ ಕಸಿ ಸೌಲಭ್ಯ ಇರುವ ಆಸ್ಪತ್ರೆಗೆ ಆ ದಿನವೇ ಸೇರಬೇಕು.

ಔಷಧ ತೆಗೆದುಕೊಳ್ಳುತ್ತಿರುವವರಲ್ಲಿ ಎಸ್‌ಜಿಪಿಟಿ ಮೂರು ಪಟ್ಟು ದಾಟಿ, ಎಎಲ್‌ಪಿ ಅಷ್ಟೇನೂ ಏರದೆ, ಬಿಲಿರುಬಿನ್ ಎರಡು ಪಟ್ಟು ದಾಟಿದರೆ ಅದನ್ನು ಹೈಸ್ ಲಾ ಎನ್ನುತ್ತಾರೆ. ಬೇರೆ ಕಾರಣ ಇಲ್ಲವೆಂದಾದರೆ, ಇಂಥ ಹತ್ತು ಮಂದಿಯಲ್ಲಿ ಸುಮಾರು ಒಬ್ಬರು ಲಿವರ್ ವೈಫಲ್ಯಕ್ಕೆ ಜಾರಬಹುದು. ಅನುಮಾನದ ಔಷಧವನ್ನು ವೈದ್ಯರ ಜೊತೆ ಮಾತಾಡಿ ಕೂಡಲೇ ನಿಲ್ಲಿಸಬೇಕು. ಕಾಮಾಲೆಯ ಜೊತೆ ಚಳಿ-ಜ್ವರ, ಬಲಪಕ್ಕೆಯ ಕೆಳಗೆ ನೋವು ಬಂದರೆ ಕಟ್ಟಿದ ನಾಳದಲ್ಲಿ ಸೋಂಕಾಗಿರಬಹುದು. ಅದೂ ಕಾಯುವ ಸಂಗತಿಯಲ್ಲ.

ಕಲ್ಲು ತೆಗೆದ ಮೇಲೂ ಹಳದಿ ಯಾಕೆ?

ದಾರಿ ತೆರೆದ ಮೇಲೆ ಎಸ್‌ಜಿಪಿಟಿ ಕೆಲವೇ ದಿನಗಳಲ್ಲಿ ಮಿತಿಗೆ ಹತ್ತಿರ ಬರುತ್ತದೆ, ಎಎಲ್‌ಪಿ ಅರ್ಧವಾಗಲು ಸುಮಾರು ಒಂದು ವಾರ ಬೇಕು. ಬಿಲಿರುಬಿನ್ ಮೊದಲು ಚುರುಕಾಗಿ ಇಳಿದು, ಆಮೇಲೆ ತೆವಳುತ್ತದೆ. ಹಲವು ದಿನ ಕಾಮಾಲೆ ಇದ್ದಾಗ ಡೈರೆಕ್ಟ್ ಬಿಲಿರುಬಿನ್‌ನ ಒಂದು ಭಾಗ ಆಲ್ಬುಮಿನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಅದು ಆಲ್ಬುಮಿನ್ ಜೊತೆಗೇ ಎರಡು-ಮೂರು ವಾರ ಸುತ್ತುತ್ತದೆ. ಈ ಭಾಗ ಮೂತ್ರಕ್ಕೂ ಇಳಿಯುವುದಿಲ್ಲ. ಅದಕ್ಕೇ ಮೂತ್ರ ತಿಳಿಯಾದ ಮೇಲೂ ಕಣ್ಣು ಹಳದಿಯಾಗಿಯೇ ಇರುತ್ತದೆ. ಎಎಲ್‌ಪಿ ಇಳಿಯುತ್ತಿದ್ದು ಬಿಲಿರುಬಿನ್ ಹೀಗೆ ನಿಧಾನವಾದರೆ ವಾರಕ್ಕೊಮ್ಮೆ ನೋಡಿದರೆ ಸಾಕು. ಇಳಿಯುತ್ತಿದ್ದ ಎಎಲ್‌ಪಿ ಮತ್ತೆ ಏರಿದರೆ, ಮೂತ್ರ ಮತ್ತೆ ಕಡುಬಣ್ಣಕ್ಕೆ ತಿರುಗಿದರೆ, ನಾಳದಲ್ಲಿ ಇನ್ನೊಂದು ಕಲ್ಲು ಉಳಿದಿದೆಯೇ ಎಂದು ಹುಡುಕಬೇಕು.